ಉಷ್ಣ ಎಂಜಿನ್‌ನ ದಕ್ಷತೆ, ಫ್ರಿಜ್‌ನ ಸಿಒಪಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಪುಸ್ತಕದಲ್ಲಿ ಈ ಎರಡು ಸೂತ್ರಗಳು ಅಕ್ಕಪಕ್ಕದ ಪುಟಗಳಲ್ಲಿ ಬರುತ್ತವೆ. ಸೂತ್ರ ಬಾಯಿಗೆ ಬರುತ್ತದೆ, ಲೆಕ್ಕವೂ ಆಗುತ್ತದೆ. ಆದರೆ ನಿಜವಾದ ಯಂತ್ರದ ಮುಂದೆ ನಿಂತಾಗ ಯಾವ ತಾಪಮಾನ ಹಾಕಬೇಕು ಅಂತಲೇ ಗೊತ್ತಾಗುವುದಿಲ್ಲ. ಇಲ್ಲಿ ಎರಡು ಯಂತ್ರಗಳನ್ನು ಹಿಡಿದು ಹೋಗೋಣ. ಒಂದು, ರಾಯಚೂರಿನ ಶಕ್ತಿನಗರದಲ್ಲಿರುವಂಥ 210 ಮೆಗಾವ್ಯಾಟ್‌ನ ಕಲ್ಲಿದ್ದಲು ಘಟಕ. ಇನ್ನೊಂದು, ಅಡುಗೆಮನೆಯ ಫ್ರಿಜ್. ಸೂತ್ರಗಳಲ್ಲಿ Th ಅಂದರೆ ಬಿಸಿ ಭಂಡಾರದ ತಾಪಮಾನ, Tc ಅಂದರೆ ತಣ್ಣನೆ ಭಂಡಾರದ ತಾಪಮಾನ. ಎರಡೂ ಕೆಲ್ವಿನ್‌ನಲ್ಲಿ. η ಅಂದರೆ ದಕ್ಷತೆ, W ಅಂದರೆ ಕೆಲಸ, Qh ಮತ್ತು Qc ಅಂದರೆ ಬಿಸಿ ಕಡೆಯ ಮತ್ತು ತಣ್ಣನೆ ಕಡೆಯ ಶಾಖ.

ಎಂಜಿನ್ ಓಡಲು ಬಿಸಿ ಇದ್ದರೆ ಸಾಲದಾ? ತಣ್ಣನೆ ಜಾಗ ಯಾಕೆ ಬೇಕು?

ಉಗಿ ಒಂದೇ ಸಲ ಹಿಗ್ಗಿ ಟರ್ಬೈನ್ ತಿರುಗಿಸಿದರೆ ಎಂಜಿನ್ ಆಗುವುದಿಲ್ಲ. ಆ ಉಗಿ ಮತ್ತೆ ಮೊದಲಿನ ಸ್ಥಿತಿಗೆ ಬರಬೇಕು, ಮತ್ತೆ ಬಾಯ್ಲರ್‌ಗೆ ಹೋಗಬೇಕು, ಇದೇ ಸುತ್ತು ನಡೆಯುತ್ತಲೇ ಇರಬೇಕು. ಶಕ್ತಿನಗರದಂಥ ಸ್ಥಾವರದಲ್ಲಿ ಟರ್ಬೈನ್‌ನಿಂದ ಹೊರಬಂದ ಉಗಿ ಕಂಡೆನ್ಸರ್‌ಗೆ ಬೀಳುತ್ತದೆ. ಅದರೊಳಗೆ ಸಾವಿರಾರು ಕೊಳವೆಗಳಲ್ಲಿ ತಣ್ಣೀರು ಹರಿಯುತ್ತಿರುತ್ತದೆ. ಉಗಿ ಅಲ್ಲಿ ನೀರಾಗುತ್ತದೆ, ಆ ನೀರನ್ನು ಪಂಪು ಮತ್ತೆ ಬಾಯ್ಲರ್‌ಗೆ ತಳ್ಳುತ್ತದೆ.

ಉಗಿಯನ್ನು ನೀರು ಮಾಡದೆ ಹಾಗೇ ಹಿಂಡಿ ಬಾಯ್ಲರ್ ಒತ್ತಡಕ್ಕೆ ಏರಿಸಿದರೆ? ಆಗ ಟರ್ಬೈನ್ ಕೊಟ್ಟ ಕೆಲಸವೆಲ್ಲ ಹಿಂಡುವುದಕ್ಕೇ ಹೋಗುತ್ತದೆ. ನೀರಿನ ಗಾತ್ರ ತೀರಾ ಚಿಕ್ಕದು, ಅದನ್ನು ತಳ್ಳಲು ಕಡಿಮೆ ಕೆಲಸ ಸಾಕು. ಉಗಿ ನೀರಾಗಬೇಕಾದರೆ ಶಾಖ ಬಿಡಲೇಬೇಕು, ಅದನ್ನು ತೆಗೆದುಕೊಳ್ಳಲು ತಣ್ಣನೆ ಜಾಗ ಇರಲೇಬೇಕು. ಅದೇ ತಣ್ಣನೆ ಭಂಡಾರ.

η = 1 − Tc/Th ಎಲ್ಲಿಂದ ಬಂತು?

ನನಗೆ ಇದನ್ನು ಹೇಳಲು ಸುಲಭ ಅನಿಸುವುದು ಎಂಟ್ರೊಪಿಯ ಲೆಕ್ಕದಿಂದ. ಒಂದು ಭಂಡಾರದಿಂದ Q ಶಾಖ ಹೊರಗೆ ಹೋದರೆ ಅದರ ಎಂಟ್ರೊಪಿ Q/T ಅಷ್ಟು ಇಳಿಯುತ್ತದೆ. ಒಳಗೆ ಬಂದರೆ ಅಷ್ಟೇ ಏರುತ್ತದೆ. ನಿಯಮ ಒಂದೇ: ಎರಡೂ ಭಂಡಾರ ಸೇರಿಸಿ ನೋಡಿದಾಗ ಒಟ್ಟು ಎಂಟ್ರೊಪಿ ಕಡಿಮೆ ಆಗುವ ಹಾಗಿಲ್ಲ. ಎಂಜಿನ್ ಒಂದು ಸುತ್ತು ಮುಗಿಸಿ ಮೊದಲಿನ ಸ್ಥಿತಿಗೆ ಬಂದಿರುತ್ತದೆ, ಹಾಗಾಗಿ ಅದರ ಪಾಲು ಸೊನ್ನೆ.

ಈಗ ಸಂಖ್ಯೆ ಹಾಕೋಣ. ಉಗಿ ಸುಮಾರು 540 ಡಿಗ್ರಿ ಸೆಲ್ಸಿಯಸ್‌ನಲ್ಲಿ ಟರ್ಬೈನ್‌ಗೆ ಬರುತ್ತದೆ. ಅಂದರೆ 813 ಕೆಲ್ವಿನ್. ಕಂಡೆನ್ಸರ್ 40 ಡಿಗ್ರಿಯಲ್ಲಿದೆ ಅಂದುಕೊಳ್ಳಿ, 313 ಕೆಲ್ವಿನ್. ಬಿಸಿ ಕಡೆಯಿಂದ 1000 ಜೂಲ್ ತೆಗೆದರೆ ಅಲ್ಲಿ ಎಂಟ್ರೊಪಿ 1000 ÷ 813 = 1.23 ಜೂಲ್ ಪ್ರತಿ ಕೆಲ್ವಿನ್ ಇಳಿಯುತ್ತದೆ. ತಣ್ಣನೆ ಕಡೆ ಕನಿಷ್ಠ ಅಷ್ಟೇ ಏರಬೇಕು. ಹಾಗಾಗಬೇಕಾದರೆ ಅಲ್ಲಿಗೆ 1.23 × 313 = 385 ಜೂಲ್ ಬಿಡಬೇಕು. ಉಳಿದ 615 ಜೂಲ್ ಮಾತ್ರ ಕೆಲಸವಾಗಿ ಸಿಗಬಹುದು. ದಕ್ಷತೆ ಶೇ 61.5. ಈ ಮೂರು ಸಾಲಿನ ಲೆಕ್ಕವನ್ನೇ ಅಕ್ಷರಗಳಲ್ಲಿ ಬರೆದರೆ ಸೂತ್ರ ಬರುತ್ತದೆ.

η = W/Qh = 1 − Qc/Qh ≤ 1 − Tc/Th

ಇದರಲ್ಲಿ ಒಂದು ವಿಷಯ ಗಮನಿಸಿ. ಆ 385 ಜೂಲ್ ತಿಕ್ಕಾಟದಿಂದಲೋ ಸೋರಿಕೆಯಿಂದಲೋ ಹೋದದ್ದಲ್ಲ. ಒಂದಿಷ್ಟೂ ನಷ್ಟವಿಲ್ಲದ ಯಂತ್ರವೂ ಅಷ್ಟು ಬಿಡಲೇಬೇಕು.

ಫ್ರಾನ್ಸ್‌ನ ಸಾದಿ ಕಾರ್ನೊ 1824ರಲ್ಲಿ ಈ ಗಡಿಯ ಇರುವನ್ನು ಕಂಡುಕೊಂಡಾಗ ಅವನಿಗೆ 28 ವರ್ಷ. ಶಾಖ ಅಂದರೆ ಕಣ್ಣಿಗೆ ಕಾಣದ ಒಂದು ದ್ರವ ಅಂತ ಆಗ ನಂಬಿಕೆ ಇತ್ತು. ಅವನೂ ಆ ನಂಬಿಕೆಯ ಮೇಲೆಯೇ ವಾದ ಕಟ್ಟಿದ. ದ್ರವದ ಕಲ್ಪನೆ ಬಿದ್ದುಹೋಯಿತು, ಆದರೆ ಗಡಿ ಎರಡು ತಾಪಮಾನಗಳ ಮೇಲೆ ಮಾತ್ರ ನಿಂತಿದೆ, ಯಂತ್ರದೊಳಗಿನ ಪದಾರ್ಥದ ಮೇಲಲ್ಲ ಎಂಬ ಅವನ ಮಾತು ಉಳಿಯಿತು. ಎಂಟ್ರೊಪಿ ಎಂಬ ಹೆಸರು ಕೊಟ್ಟಿದ್ದು ಕ್ಲೌಸಿಯಸ್, 1865ರಲ್ಲಿ.

ಸೆಲ್ಸಿಯಸ್‌ನಲ್ಲೇ ಹಾಕಿದರೆ ಏನಾಗುತ್ತದೆ?

1 − 40/540 ಅಂದರೆ ಶೇ 92.6 ಬರುತ್ತದೆ. ನೋಡಲು ಚೆನ್ನಾಗಿದೆ, ಆದರೆ ತಪ್ಪು. ತಾಪಮಾನಗಳ ವ್ಯತ್ಯಾಸ ಮಾತ್ರ ಬೇಕಿದ್ದರೆ ಸೆಲ್ಸಿಯಸ್ ಆದರೂ ಒಂದೇ, ಕೆಲ್ವಿನ್ ಆದರೂ ಒಂದೇ. ಇಲ್ಲಿ ಬರುವುದು ಅನುಪಾತ. ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಬಿಂದು ಅಷ್ಟೇ, ಶಾಖದ ಲೆಕ್ಕದ ಸೊನ್ನೆ ಅಲ್ಲ. 273 ಸೇರಿಸಿಯೇ ಮುಂದುವರಿಯಿರಿ. ಉತ್ತರ ಶೇ 80 ದಾಟಿದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಒಳ್ಳೆ ವಿನ್ಯಾಸ ಮಾಡಿ ಈ ಗಡಿ ದಾಟಲು ಆಗುವುದೇ ಇಲ್ವಾ?

ಆಗುತ್ತದೆ ಅಂತ ಒಂದು ಕ್ಷಣ ಒಪ್ಪಿಕೊಂಡು ನೋಡೋಣ. ಬಿಸಿ 600 ಕೆಲ್ವಿನ್, ತಣ್ಣನೆ 300 ಕೆಲ್ವಿನ್. ಕಾರ್ನೊ ಗಡಿ ಶೇ 50. ಯಾರೋ ಶೇ 60ರ ಎಂಜಿನ್ ತಂದರು. ಅದು ಬಿಸಿ ಕಡೆಯಿಂದ 100 ಜೂಲ್ ತೆಗೆದು 60 ಜೂಲ್ ಕೆಲಸ ಕೊಡುತ್ತದೆ, 40 ಜೂಲ್ ತಣ್ಣನೆ ಕಡೆ ಬಿಡುತ್ತದೆ.

ಪಕ್ಕದಲ್ಲಿ ಒಂದು ಕಾರ್ನೊ ಎಂಜಿನ್, ಅಂದರೆ ನಷ್ಟವಿಲ್ಲದೆ ಸರಿಯಾಗಿ ಗಡಿ ಮುಟ್ಟುವ ಎಂಜಿನ್ ಇಡಿ, ಆದರೆ ಅದನ್ನು ಹಿಂದುಮುಂದಾಗಿ ಓಡಿಸಿ. ಆಗ ಅದು ಫ್ರಿಜ್ ಆಗುತ್ತದೆ. ಬಂದ 60 ಜೂಲ್ ಕೆಲಸದಲ್ಲಿ 50 ಜೂಲ್ ಅದಕ್ಕೆ ಕೊಡಿ. ಅದು ತಣ್ಣನೆ ಕಡೆಯಿಂದ 50 ಜೂಲ್ ಎತ್ತಿ ಬಿಸಿ ಕಡೆಗೆ 100 ಜೂಲ್ ಸುರಿಯುತ್ತದೆ. ಈಗ ಒಟ್ಟು ಲೆಕ್ಕ ನೋಡಿ. ಬಿಸಿ ಭಂಡಾರದಿಂದ 100 ಹೋಯಿತು, 100 ಬಂತು. ಅಲ್ಲಿ ಏನೂ ಬದಲಾಗಿಲ್ಲ. ತಣ್ಣನೆ ಭಂಡಾರಕ್ಕೆ 40 ಬಂತು, 50 ಹೋಯಿತು. ಕೈಯಲ್ಲಿ 10 ಜೂಲ್ ಕೆಲಸ ಉಳಿಯಿತು.

ಅಂದರೆ ಒಂದೇ ತಾಪಮಾನದ ಭಂಡಾರದಿಂದ ಶಾಖ ಎಳೆದು ಪೂರ್ತಿ ಕೆಲಸ ಮಾಡಿದ ಹಾಗಾಯಿತು. ಅದು ಸಾಧ್ಯವಿದ್ದರೆ ಹಡಗು ಇಂಧನವಿಲ್ಲದೆ ಸಮುದ್ರದ ನೀರಿನ ಶಾಖದಲ್ಲೇ ಓಡಬೇಕಿತ್ತು. ಹಾಗೆ ಎಲ್ಲೂ ಆಗಿಲ್ಲ. ಈ ವಾದದಲ್ಲಿ ಎಂಜಿನ್ ಮತ್ತು ಫ್ರಿಜ್ ಎರಡೂ ಬೇಕಾದವು, ನೋಡಿ. ಒಂದರ ಗಡಿ ಇನ್ನೊಂದರ ಗಡಿಯನ್ನು ಹಿಡಿದು ನಿಂತಿದೆ.

ಗಡಿ ಶೇ 61.5 ಅಂದ ಮೇಲೆ ನಿಜವಾದ ಘಟಕ ಶೇ 35ರ ಆಸುಪಾಸಿನಲ್ಲಿ ಯಾಕೆ ನಿಲ್ಲುತ್ತದೆ?

ಇದು ಬಹಳ ಜನ ಕೇಳುವ ಪ್ರಶ್ನೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಹೆಚ್ಚು ಕಲಿಸುವ ಪ್ರಶ್ನೆಯೂ ಇದೇ. ಹಂತ ಹಂತವಾಗಿ ಇಳಿಯೋಣ.

ಮೊದಲನೆಯದಾಗಿ, 540 ಡಿಗ್ರಿ ಅನ್ನುವುದು ಉಗಿ ಮುಟ್ಟುವ ಕೊನೆಯ ತಾಪಮಾನ. ಎಲ್ಲ ಶಾಖವೂ ಆ ತಾಪಮಾನದಲ್ಲಿ ಉಗಿಗೆ ಸೇರುವುದಿಲ್ಲ. ಬಾಯ್ಲರ್‌ಗೆ ಬರುವ ನೀರು ಸುಮಾರು 240 ಡಿಗ್ರಿಯಲ್ಲಿರುತ್ತದೆ. ಅಲ್ಲಿಂದ ಕುದಿಯುವ ತನಕ ಬಿಸಿಯಾಗಬೇಕು. 150 ಬಾರ್ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 342 ಡಿಗ್ರಿಯಲ್ಲಿ. ಶಾಖದ ದೊಡ್ಡ ಪಾಲು ಈ ಕೆಳಗಿನ ಮೆಟ್ಟಿಲುಗಳಲ್ಲೇ ಸೇರಿಬಿಡುತ್ತದೆ. ಕೊನೆಯ ಮೆಟ್ಟಿಲಲ್ಲಿ ಮಾತ್ರ ಉಗಿ 540 ಮುಟ್ಟುತ್ತದೆ. ಶಾಖ ಸೇರುವ ಸರಾಸರಿ ತಾಪಮಾನ ತೆಗೆದರೆ ಸುಮಾರು 640 ಕೆಲ್ವಿನ್ ಬರುತ್ತದೆ, ಅಂದರೆ 370 ಡಿಗ್ರಿಗೆ ಹತ್ತಿರ. ಸೂತ್ರಕ್ಕೆ ನ್ಯಾಯವಾಗಿ ಹಾಕಬೇಕಾದ್ದು ಇದನ್ನು. 1 − 313/640 = 0.51. ಒಂದೇ ಹೆಜ್ಜೆಯಲ್ಲಿ 61.5ರಿಂದ 51ಕ್ಕೆ ಬಂದೆವು.

ಎರಡನೆಯದು ಟರ್ಬೈನ್ ಒಳಗಿನ ನಷ್ಟ. ಉಗಿ ಬ್ಲೇಡುಗಳ ಮೇಲೆ ಉಜ್ಜುತ್ತದೆ, ಬ್ಲೇಡಿನ ತುದಿಯ ಸಂದಿಯಲ್ಲಿ ಒಂದಿಷ್ಟು ಸುಮ್ನೆ ನುಸುಳಿ ಹೋಗುತ್ತದೆ, ಕೊನೆಯ ಸಾಲುಗಳಲ್ಲಿ ನೀರಿನ ಹನಿಗಳು ಅಡ್ಡ ಬರುತ್ತವೆ. ಬೇರಿಂಗು ಮತ್ತು ಜನರೇಟರ್‌ನ ನಷ್ಟವನ್ನೂ ಸೇರಿಸಿದರೆ 51 ಸುಮಾರು 40ಕ್ಕೆ ಇಳಿಯುತ್ತದೆ.

ಮೂರನೆಯದು ಬಾಯ್ಲರ್. ಕಲ್ಲಿದ್ದಲಿನ ಶಾಖವೆಲ್ಲ ಉಗಿಗೆ ಸೇರುವುದಿಲ್ಲ. ಚಿಮಣಿಯಿಂದ ಬಿಸಿ ಹೊಗೆ ಹೋಗುತ್ತದೆ, ಕಲ್ಲಿದ್ದಲಿನ ತೇವ ಆವಿಯಾಗುವುದಕ್ಕೆ ಶಾಖ ಖರ್ಚಾಗುತ್ತದೆ. ನೂರರಲ್ಲಿ ಸುಮಾರು 87 ಮಾತ್ರ ಉಗಿಗೆ ಸಿಗುತ್ತದೆ. 0.40 × 0.87 = 0.35. ಇದೇ ಆ ಶೇ 35.

ಸ್ಥಾವರದಲ್ಲಿ ಕೆಲಸ ಮಾಡುವವರು ದಕ್ಷತೆ ಅನ್ನುವುದಕ್ಕಿಂತ ಹೀಟ್ ರೇಟ್ ಅಂತಲೇ ಜಾಸ್ತಿ ಮಾತಾಡುತ್ತಾರೆ. ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಕಿಲೋಕ್ಯಾಲೊರಿ ಇಂಧನ ಸುಟ್ಟಿತು ಎಂಬ ಲೆಕ್ಕ ಅದು. ಒಂದು ಯೂನಿಟ್ ಅಂದರೆ 860 ಕಿಲೋಕ್ಯಾಲೊರಿ. ಹೀಟ್ ರೇಟ್ 2450 ಇದ್ದರೆ ದಕ್ಷತೆ 860 ÷ 2450, ಅಂದರೆ ಶೇ 35.

210 ಮೆಗಾವ್ಯಾಟ್ ಬರಬೇಕಾದರೆ ಇಂಧನದಿಂದ 600 ಮೆಗಾವ್ಯಾಟ್ ಶಾಖ ಬೇಕು. ಅದರಲ್ಲಿ ಸುಮಾರು 80 ಬಾಯ್ಲರ್‌ನಲ್ಲೇ ಹೋಗುತ್ತದೆ, 300ಕ್ಕೂ ಮೀರಿ ಕಂಡೆನ್ಸರ್ ಮೂಲಕ ನೀರಿಗೆ ಸೇರುತ್ತದೆ. ದೊಡ್ಡ ನದಿ ಅಥವಾ ಜಲಾಶಯ ಇಲ್ಲದ ಕಡೆ ಇಂಥ ಸ್ಥಾವರ ಕಟ್ಟುವುದು ಕಷ್ಟ. ಶಕ್ತಿನಗರ ಕೃಷ್ಣಾ ದಂಡೆಯಲ್ಲಿರುವುದಕ್ಕೆ ಇದೂ ಒಂದು ಕಾರಣ.

ಪಕ್ಕದ ಯರಮರಸ್‌ನಲ್ಲಿ 800 ಮೆಗಾವ್ಯಾಟ್‌ನ ಎರಡು ಘಟಕಗಳಿವೆ. ಅವು ಸೂಪರ್‌ಕ್ರಿಟಿಕಲ್. ಅಂದರೆ ಒತ್ತಡ 221 ಬಾರ್‌ಗಿಂತ ಮೇಲೆ. ಅಲ್ಲಿ ಕುದಿಯುವ ಮೆಟ್ಟಿಲೇ ಇರುವುದಿಲ್ಲ, ನೀರು ನೇರವಾಗಿ ಏರುತ್ತಾ ಉಗಿಯಂತಾಗುತ್ತದೆ. ಶಾಖ ಸೇರುವ ಸರಾಸರಿ ತಾಪಮಾನ ಮೇಲೇರುತ್ತದೆ, ದಕ್ಷತೆಯೂ ಏರುತ್ತದೆ.

ಕೈಗಾದ ಪರಮಾಣು ಸ್ಥಾವರದ ದಕ್ಷತೆ ಇನ್ನೂ ಕಡಿಮೆ ಅಂತಾರೆ. ಯಾಕೆ?

ಯುರೇನಿಯಂನಲ್ಲಿ ಶಕ್ತಿ ಕಡಿಮೆ ಅಂತಲ್ಲ. ಅಲ್ಲಿನ ಉಗಿ ಸುಮಾರು 250 ಡಿಗ್ರಿಯದ್ದು, ಅಂದರೆ 523 ಕೆಲ್ವಿನ್. ಇಂಧನ ಕೊಳವೆಗಳಲ್ಲಿ ಭಾರಜಲ ಕುದಿಯದಂತೆ ಒತ್ತಡದಲ್ಲಿ ಹರಿಯುತ್ತದೆ, ಅದು ಇನ್ನೊಂದು ಸುತ್ತಿನ ನೀರಿಗೆ ಶಾಖ ದಾಟಿಸುತ್ತದೆ. ಜಾಸ್ತಿ ತಾಪಮಾನ ಬೇಕೆಂದರೆ ಒತ್ತಡ ಏರಿಸಬೇಕು. ಕೊಳವೆಯ ಲೋಹ ಅದಕ್ಕೆ ಮಿತಿ ಹಾಕುತ್ತದೆ.

ಕಂಡೆನ್ಸರ್ ಇಲ್ಲೂ 40 ಡಿಗ್ರಿ ಅಂದುಕೊಂಡರೆ ಗಡಿ 1 − 313/523, ಅಂದರೆ ಶೇ 40. ಇಂಥ ಒಂದು ರಿಯಾಕ್ಟರ್ ಸುಮಾರು 755 ಮೆಗಾವ್ಯಾಟ್ ಶಾಖಕ್ಕೆ 220 ಮೆಗಾವ್ಯಾಟ್ ವಿದ್ಯುತ್ ಕೊಡುತ್ತದೆ, ಅಂದರೆ ಶೇ 29. ತನ್ನ ಗಡಿಗೆ ಹೋಲಿಸಿದರೆ ಕೈಗಾ ಮುಕ್ಕಾಲು ಪಾಲಿನಷ್ಟು ಹತ್ತಿರ ಬಂದಿದೆ. ಕಲ್ಲಿದ್ದಲು ಘಟಕ ತನ್ನ 61.5ರ ಗಡಿಗೆ ಹೋಲಿಸಿದರೆ ಶೇ 57ರಷ್ಟು ಮಾತ್ರ ಬಂದಿದೆ. ಇದು ಕೈಗಾ ಟರ್ಬೈನ್ ಚೆನ್ನಾಗಿದೆ ಎಂಬ ಲೆಕ್ಕವಲ್ಲ. ಅಲ್ಲಿ ಶಾಖದ ಬಹುಪಾಲು ಕುದಿಯುವ ತಾಪಮಾನದಲ್ಲೇ ಸೇರುತ್ತದೆ. ಹಾಗಾಗಿ ಸರಾಸರಿ ತಾಪಮಾನ 250ಕ್ಕೆ ಹತ್ತಿರವೇ ಇರುತ್ತದೆ. ಚಿಮಣಿಯ ನಷ್ಟವೂ ಇಲ್ಲ.

ದಕ್ಷತೆ ಹೆಚ್ಚಿಸಲು ಬಿಸಿ ಕಡೆ ಏರಿಸುವುದು ಒಳ್ಳೆಯದಾ, ತಣ್ಣನೆ ಕಡೆ ಇಳಿಸುವುದು ಒಳ್ಳೆಯದಾ?

ಡಿಗ್ರಿಗೆ ಡಿಗ್ರಿ ಹೋಲಿಸಿದರೆ ಇಳಿಸುವುದೇ ಲಾಭ. 813/313ರಲ್ಲಿ ಬಿಸಿ ಕಡೆ 10 ಡಿಗ್ರಿ ಏರಿಸಿದರೆ ಗಡಿ 61.5ರಿಂದ 62.0 ಆಗುತ್ತದೆ. ತಣ್ಣನೆ ಕಡೆ 10 ಡಿಗ್ರಿ ಇಳಿಸಿದರೆ 62.7 ಆಗುತ್ತದೆ. ಆದರೆ ತಣ್ಣನೆ ಕಡೆ ನಮ್ಮ ಕೈಯಲ್ಲಿಲ್ಲ. ನದಿ, ಗಾಳಿ, ಹವೆ ಕೊಟ್ಟಷ್ಟೇ ಸಿಗುತ್ತದೆ. ಅದಕ್ಕೇ ಎಂಜಿನಿಯರುಗಳು ಬಿಸಿ ಕಡೆಯ ಲೋಹದ ಹಿಂದೆ ಬಿದ್ದಿರುವುದು.

ತಣ್ಣನೆ ಕಡೆಯನ್ನು ಕಾಪಾಡಿಕೊಳ್ಳುವುದಂತೂ ದಿನದಿನದ ಕೆಲಸ. ಕಂಡೆನ್ಸರ್ 40 ಡಿಗ್ರಿಯಲ್ಲಿದ್ದಾಗ ಒಳಗಿನ ಒತ್ತಡ ಸುಮಾರು 0.074 ಬಾರ್. 50 ಡಿಗ್ರಿಗೆ ಏರಿದರೆ 0.123 ಬಾರ್. ಆಪರೇಟರುಗಳು ಇದನ್ನೇ ವ್ಯಾಕ್ಯೂಮ್ ಬಿತ್ತು ಅನ್ನುವುದು. ಸರಾಸರಿ 640 ಕೆಲ್ವಿನ್ ಇಟ್ಟು ಲೆಕ್ಕ ಹಾಕಿದರೆ ಆದರ್ಶ ದಕ್ಷತೆ 51.1ರಿಂದ 49.5ಕ್ಕೆ ಇಳಿಯುತ್ತದೆ. 210 ಮೆಗಾವ್ಯಾಟ್‌ನಲ್ಲಿ ಆರೇಳು ಮೆಗಾವ್ಯಾಟ್ ಹೋದ ಹಾಗೆ, ಕಲ್ಲಿದ್ದಲು ಅಷ್ಟೇ ಸುಡುತ್ತಿದ್ದರೂ.

ಕಾರಣ ಹುಡುಕುವುದು ಹೇಗೆ? ಮೂರು ತಾಪಮಾನ ನೋಡಬೇಕು: ಒಳಗೆ ಬರುವ ನೀರು, ಹೊರಗೆ ಹೋಗುವ ನೀರು, ಉಗಿ. ಬರುವ ನೀರೇ ಬಿಸಿ ಇದ್ದರೆ ಮೂರೂ ಒಟ್ಟಿಗೆ ಏರಿರುತ್ತವೆ. ಅದು ಬೇಸಿಗೆಯ ಅಥವಾ ಕೂಲಿಂಗ್ ಟವರ್‌ನ ಸಮಸ್ಯೆ. ಬರುವ ನೀರಿಗೂ ಹೋಗುವ ನೀರಿಗೂ ಅಂತರ ಹೆಚ್ಚಿದ್ದರೆ ನೀರಿನ ಹರಿವು ಕಡಿಮೆಯಾಗಿದೆ. ಹೋಗುವ ನೀರಿಗೂ ಉಗಿಗೂ ನಡುವಿನ ಅಂತರ ಮಾತ್ರ ಬೆಳೆದಿದ್ದರೆ ಕೊಳವೆಯಲ್ಲಿ ಪಾಚಿ, ಸುಣ್ಣ ಕಟ್ಟಿದೆ ಅಥವಾ ಗಾಳಿ ಒಳಗೆ ಸೋರುತ್ತಿದೆ. ಈ ಎರಡರಲ್ಲಿ ಯಾವುದು ಅಂತ ತಿಳಿಯಲು ಗಾಳಿ ಎಳೆಯುವ ವ್ಯವಸ್ಥೆಯನ್ನು ಸ್ವಲ್ಪ ಹೊತ್ತು ಮುಚ್ಚಿ, ವ್ಯಾಕ್ಯೂಮ್ ಎಷ್ಟು ಬೇಗ ಬೀಳುತ್ತದೆ ಅಂತ ನೋಡುತ್ತಾರೆ. ಬೇಗ ಬಿದ್ದರೆ ಸೋರಿಕೆ.

ಫ್ರಿಜ್‌ಗೆ ದಕ್ಷತೆ ಅನ್ನದೆ ಸಿಒಪಿ ಅನ್ನುವುದು ಯಾಕೆ? ಅದು 1ಕ್ಕಿಂತ ಜಾಸ್ತಿ ಆದರೆ ಶಕ್ತಿ ಸೃಷ್ಟಿಯಾದ ಹಾಗೆ ಅಲ್ವಾ?

ಅಲ್ಲ. ಹಮಾಲಿಗೆ ಐವತ್ತು ರೂಪಾಯಿ ಕೊಟ್ಟು ಸಾವಿರ ರೂಪಾಯಿಯ ಅಕ್ಕಿ ಮೂಟೆ ಮನೆಗೆ ತರಿಸಿದರೆ ಯಾರೂ ಅಚ್ಚರಿಪಡುವುದಿಲ್ಲ. ಕೂಲಿ ಬೇರೆ, ಸಾಗಿದ ಸರಕು ಬೇರೆ. ಫ್ರಿಜ್‌ನಲ್ಲಿ ಕಂಪ್ರೆಸರ್‌ಗೆ ಕೊಡುವ ವಿದ್ಯುತ್ ಕೂಲಿ. ಒಳಗಿನಿಂದ ಹೊರಗೆ ಸಾಗುವ ಶಾಖ ಸರಕು. ಇವೆರಡರ ಅನುಪಾತವೇ ಸಿಒಪಿ, ಅಂದರೆ ಕಾರ್ಯಕ್ಷಮತಾ ಗುಣಾಂಕ.

COP = Qc/W ≤ Tc/(Th − Tc)

ಗಡಿ ಬಂದದ್ದು ಅದೇ ಎಂಟ್ರೊಪಿ ಲೆಕ್ಕದಿಂದ. ತಣ್ಣನೆ ಕಡೆ 250 ಕೆಲ್ವಿನ್, ಬಿಸಿ ಕಡೆ 320 ಕೆಲ್ವಿನ್ ಇರಲಿ. ತಣ್ಣನೆ ಕಡೆಯಿಂದ 100 ಜೂಲ್ ತೆಗೆದರೆ ಎಂಟ್ರೊಪಿ 100 ÷ 250 = 0.4 ಇಳಿಯಿತು. ಬಿಸಿ ಕಡೆ ಕನಿಷ್ಠ 0.4 ಏರಬೇಕು. ಅಲ್ಲಿಗೆ 0.4 × 320 = 128 ಜೂಲ್ ಸುರಿಯಬೇಕು. 100 ಮಾತ್ರ ನಮ್ಮ ಹತ್ತಿರ ಇದೆ. ಕೊರತೆ ಬಿದ್ದ 28 ಜೂಲ್ ಕೆಲಸದಿಂದ ತುಂಬಬೇಕು. ಸಿಒಪಿ 100 ÷ 28 = 3.57. ಶಕ್ತಿ ಎಲ್ಲೂ ಹುಟ್ಟಲಿಲ್ಲ. 100 ಮತ್ತು 28 ಸೇರಿ 128 ಹೊರಗೆ ಬಂತು, ಅಷ್ಟೇ.

ನಮ್ಮ ಫ್ರಿಜ್ ಒಳಗೆ 4 ಡಿಗ್ರಿ, ಅಡುಗೆಮನೆ 32 ಡಿಗ್ರಿ. ಲೆಕ್ಕ ಹಾಕಿದರೆ ಸಿಒಪಿ ಸುಮಾರು 10 ಬರುತ್ತದೆ. ನಿಜಾನಾ?

ಲೆಕ್ಕ ಸರಿ: 277 ÷ 28 = 9.9. ಆದರೆ ಯಂತ್ರದೊಳಗಿನ ದ್ರವ ಆ ತಾಪಮಾನಗಳಲ್ಲಿ ಕೆಲಸ ಮಾಡುತ್ತಿಲ್ಲ. ಶಾಖ ಹರಿಯಬೇಕಾದರೆ ತಾಪಮಾನದಲ್ಲಿ ಅಂತರ ಬೇಕು. ಫ್ರೀಜರ್ −18 ಡಿಗ್ರಿಯಲ್ಲಿರಬೇಕು. ಅಲ್ಲಿಂದ ಶಾಖ ಎಳೆಯುವ ಕಾಯಿಲ್, ಅಂದರೆ ಎವಾಪೊರೇಟರ್, ಇನ್ನೂ ತಣ್ಣಗಿರಬೇಕು, −23 ಅಂದುಕೊಳ್ಳಿ. ಆ ಶಾಖ 32 ಡಿಗ್ರಿಯ ಗಾಳಿಗೆ ಸೇರಬೇಕಾದರೆ ಕಂಡೆನ್ಸರ್ ಗಾಳಿಗಿಂತ ಬಿಸಿ ಇರಬೇಕು, 47 ಅಂದುಕೊಳ್ಳಿ. ಇವೇ ಮೇಲೆ ಹಾಕಿದ 250 ಮತ್ತು 320 ಕೆಲ್ವಿನ್. ಗಡಿ 9.9ರಿಂದ 3.57ಕ್ಕೆ ಇಳಿಯಿತು.

ಅದರಲ್ಲೂ ಪೂರ್ತಿ ಸಿಗುವುದಿಲ್ಲ. ಮನೆ ಫ್ರಿಜ್‌ನಲ್ಲಿ ಒತ್ತಡ ಇಳಿಸುವುದು ಒಂದು ಸಣ್ಣ ಕ್ಯಾಪಿಲರಿ ಕೊಳವೆ. ಅಲ್ಲಿ ಸಿಗಬಹುದಾಗಿದ್ದ ಕೆಲಸ ಹಾಗೇ ಕಳೆದುಹೋಗುತ್ತದೆ. ಚಿಕ್ಕ ಮೋಟರ್ ತಾನೇ ಬಿಸಿಯಾಗುತ್ತದೆ. ಕೊನೆಗೆ ಸಿಒಪಿ 1.5ರ ಸುತ್ತ ಬಂದು ನಿಲ್ಲಬಹುದು. ಗೋಡೆ, ಬಾಗಿಲಿನ ರಬ್ಬರು, ಆಗಾಗ ತೆರೆಯುವುದು ಎಲ್ಲ ಸೇರಿ ಒಳಗೆ ಸರಾಸರಿ 45 ವ್ಯಾಟ್ ಶಾಖ ನುಗ್ಗುತ್ತದೆ ಅಂದುಕೊಳ್ಳಿ. ಅದನ್ನು ಹೊರಹಾಕಲು 45 ÷ 1.5 = 30 ವ್ಯಾಟ್ ಬೇಕು. ದಿನಕ್ಕೆ 0.72 ಯೂನಿಟ್, ವರ್ಷಕ್ಕೆ ಸುಮಾರು 263 ಯೂನಿಟ್.

ಇದೇ ಕಾರಣಕ್ಕೆ ಏಸಿಯ ಸಿಒಪಿ ಫ್ರಿಜ್‌ಗಿಂತ ಜಾಸ್ತಿ. ಏಸಿಯ ತಣ್ಣನೆ ಕಾಯಿಲ್ 10 ಡಿಗ್ರಿ ಸುತ್ತ ಇದ್ದರೆ ಸಾಕು, −23ಕ್ಕೆ ಇಳಿಯಬೇಕಿಲ್ಲ.

ಕಂಡೆನ್ಸರ್ ಮೇಲೆ ಧೂಳು, ಫ್ರೀಜರ್‌ನಲ್ಲಿ ಐಸ್ ಗಟ್ಟಿ. ಯಾವುದು ಹೆಚ್ಚು ಕೆಟ್ಟದ್ದು?

ಧೂಳು ಕೂತು ಅಥವಾ ಫ್ರಿಜ್ ಗೋಡೆಗೆ ಒತ್ತಿಕೊಂಡು ಕಂಡೆನ್ಸರ್ 10 ಡಿಗ್ರಿ ಏರಿತು ಅಂದರೆ ಗಡಿ 250 ÷ 80 = 3.13. ಶೇ 12ರಷ್ಟು ಇಳಿಕೆ. ಐಸ್ ಕಟ್ಟಿ ಎವಾಪೊರೇಟರ್ 10 ಡಿಗ್ರಿ ಇಳಿಯಬೇಕಾಗಿ ಬಂದರೆ 240 ÷ 80 = 3.0. ಶೇ 16ರಷ್ಟು ಇಳಿಕೆ. ಎರಡರಲ್ಲೂ ಅಂತರ 80 ಆಯಿತು. ಆದರೆ ಎರಡನೆಯದರಲ್ಲಿ ಮೇಲಿನ ಅಂಕಿಯೂ ಕುಗ್ಗಿತು. ಹಾಗಾಗಿ ತಣ್ಣನೆ ಕಡೆಯ ಡಿಗ್ರಿ ಸ್ವಲ್ಪ ದುಬಾರಿ.

ಗೊತ್ತಾಗುವುದು ಹೇಗೆ ಅಂದರೆ, ಕಂಪ್ರೆಸರ್ ನಿಲ್ಲುವುದೇ ಅಪರೂಪವಾಗುತ್ತದೆ. ಪ್ಲಗ್‌ಗೆ ಹಾಕುವ ಚಿಕ್ಕ ಮೀಟರ್ ಇದ್ದರೆ ಒಂದು ಇಡೀ ದಿನದ ಯೂನಿಟ್ ಬರೆದಿಟ್ಟುಕೊಂಡು, ಶುಚಿ ಮಾಡಿದ ಮೇಲೆ ಅದೇ ಹವೆಯಲ್ಲಿ ಇನ್ನೊಮ್ಮೆ ನೋಡಿ. ಹೊಸ ಫ್ರಿಜ್‌ಗಳಲ್ಲಿ ಕಂಡೆನ್ಸರ್ ಪಕ್ಕದ ಗೋಡೆಗಳ ಒಳಗೇ ಇರುತ್ತದೆ. ಮುಟ್ಟಿದರೆ ಬೆಚ್ಚಗಿರುವುದು ಅಲ್ಲಿ ದೋಷವಲ್ಲ. ಅಲ್ಲಿ ಮಾಡಬೇಕಾದ್ದು ಪಕ್ಕದಲ್ಲಿ ಗಾಳಿಗೆ ಜಾಗ ಬಿಡುವುದು ಮಾತ್ರ.

ಫ್ರಿಜ್ ಬಾಗಿಲು ತೆಗೆದಿಟ್ಟರೆ ಅಡುಗೆಮನೆ ತಂಪಾಗುತ್ತದಾ?

ಇಲ್ಲ, ಬಿಸಿಯಾಗುತ್ತದೆ. ಮುಂದಿನಿಂದ ತೆಗೆದ ಶಾಖ ಹಿಂದಿನಿಂದ ಅದೇ ಕೋಣೆಗೆ ಬರುತ್ತದೆ, ಜೊತೆಗೆ ವಿದ್ಯುತ್ತಿನ ಶಾಖವೂ ಸೇರುತ್ತದೆ. ಕಂಪ್ರೆಸರ್ ನಿಲ್ಲದೆ 100 ವ್ಯಾಟ್ ಎಳೆಯುತ್ತಿದ್ದರೆ ಕೋಣೆಗೆ 100 ವ್ಯಾಟ್ ಹೀಟರ್ ಇಟ್ಟ ಹಾಗೆ. ಏಸಿ ಕೋಣೆ ತಂಪು ಮಾಡುವುದು ಅದರ ಬಿಸಿ ಭಾಗ ಹೊರಗಿರುವುದರಿಂದ.

ಆ ಹಿಂದಿನ ಶಾಖವೇ ನಮಗೆ ಬೇಕಿದ್ದರೆ ಯಂತ್ರದ ಹೆಸರು ಹೀಟ್ ಪಂಪ್. ಅದರ ಸಿಒಪಿ Qh/W, ಅಂದರೆ ಫ್ರಿಜ್‌ನ ಸಿಒಪಿಗೆ 1 ಕೂಡಿಸಿದಷ್ಟು. ಹೀಟ್ ಪಂಪ್ ಗೀಸರ್ ಸಾಮಾನ್ಯ ಗೀಸರ್‌ಗಿಂತ ಕಡಿಮೆ ಯೂನಿಟ್ ತಿನ್ನುವುದು ಇದರಿಂದಲೇ.

ತುಂಬಾ ಕೆಳಗಿನ ತಾಪಮಾನಕ್ಕೆ ಹೋದರೆ ಸಿಒಪಿ ಏನಾಗುತ್ತದೆ?

ಕುಸಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯಗಳಲ್ಲಿ ದ್ರವ ನೈಟ್ರೋಜನ್, ದ್ರವ ಹೀಲಿಯಂ ಬಳಸುತ್ತಾರೆ. ದ್ರವ ನೈಟ್ರೋಜನ್ 77 ಕೆಲ್ವಿನ್. ಕೋಣೆ 300 ಕೆಲ್ವಿನ್ ಇದ್ದರೆ ಗಡಿ 77 ÷ 223 = 0.345. ಆ ತಾಪಮಾನದಲ್ಲಿ 1 ಜೂಲ್ ಶಾಖ ಎತ್ತಲು ಕನಿಷ್ಠ 2.9 ಜೂಲ್ ಕೆಲಸ. ಹೀಲಿಯಂ 4.2 ಕೆಲ್ವಿನ್. ಅಲ್ಲಿ 1 ಜೂಲ್ ಎತ್ತಲು ಕನಿಷ್ಠ 295.8 ÷ 4.2 = 70 ಜೂಲ್ ಬೇಕು. ನಿಜವಾದ ಯಂತ್ರಕ್ಕೆ ಇದರ ಹಲವು ಪಟ್ಟು ಬೇಕಾಗುತ್ತದೆ. ಹೀಲಿಯಂ ಪಾತ್ರೆಗೆ ಅಷ್ಟೊಂದು ಪದರದ ನಿರೋಧಕ ಸುತ್ತುವುದು ಇದಕ್ಕೇ. ಒಳಗೆ ಸೋರುವ ಒಂದೊಂದು ವ್ಯಾಟೂ ಅಲ್ಲಿ ಭಾರಿ ಬೆಲೆಯದ್ದು.

ಎಂಜಿನ್‌ನ ದಕ್ಷತೆ ಗೊತ್ತಿದ್ದರೆ ಅದನ್ನೇ ಫ್ರಿಜ್ ಮಾಡಿದಾಗಿನ ಸಿಒಪಿ ಹೇಳಬಹುದಾ?

ಕಾರ್ನೊ ಎಂಜಿನ್ ಆದರೆ ಹೇಳಬಹುದು.

COP = (1 − η)/η

ನೀಟ್ ತಯಾರಿಯಲ್ಲಿ ಪದೇ ಪದೇ ಬರುವ ಲೆಕ್ಕ ಇದು: η = 1/10 ಇರುವ ಕಾರ್ನೊ ಎಂಜಿನ್ ಅನ್ನು ಫ್ರಿಜ್ ಆಗಿ ಓಡಿಸಿ 10 ಜೂಲ್ ಕೆಲಸ ಕೊಟ್ಟರೆ ತಣ್ಣನೆ ಕಡೆಯಿಂದ ಎಷ್ಟು ಶಾಖ ಬರುತ್ತದೆ? ಸಿಒಪಿ 0.9 ÷ 0.1 = 9, ಉತ್ತರ 90 ಜೂಲ್. ಕೆಟ್ಟ ಎಂಜಿನ್ ಒಳ್ಳೆ ಫ್ರಿಜ್ ಆಗುತ್ತದೆ. ಎರಡು ತಾಪಮಾನ ಹತ್ತಿರವಿದ್ದರೆ ಕೆಲಸ ತೆಗೆಯಲು ಕಷ್ಟ, ಶಾಖ ಎತ್ತಲು ಸುಲಭ. ಆದರೆ ಈ ಸೂತ್ರವನ್ನು ನಿಜವಾದ ಟರ್ಬೈನ್‌ಗೆ ಹಚ್ಚಬೇಡಿ. ನಷ್ಟಗಳು ಯಂತ್ರವನ್ನು ತಿರುಗಿಸಿದಾಗ ತಿರುಗುವುದಿಲ್ಲ. ಎರಡೂ ದಿಕ್ಕಿನಲ್ಲಿ ನಷ್ಟವೇ.

ಹಾಗಾದರೆ ಸ್ಥಾವರದ ಕಂಡೆನ್ಸರ್ ಅನ್ನು ದೊಡ್ಡ ಫ್ರಿಜ್ ಇಟ್ಟು ತಂಪು ಮಾಡಿದರೆ ದಕ್ಷತೆ ಏರುವುದಿಲ್ವಾ?

ಒಳ್ಳೆ ಪ್ರಶ್ನೆ. ಲೆಕ್ಕ ಹಾಕಿಯೇ ನೋಡೋಣ. ಬಿಸಿ ಕಡೆ 813 ಕೆಲ್ವಿನ್, ನದಿಯ ಕಡೆ 313 ಕೆಲ್ವಿನ್. ಫ್ರಿಜ್ ಇಟ್ಟು ಕಂಡೆನ್ಸರ್ ಅನ್ನು 273ಕ್ಕೆ ಇಳಿಸುತ್ತೇವೆ. ಎರಡೂ ಯಂತ್ರ ಕಾರ್ನೊ ಯಂತ್ರಗಳೇ ಇರಲಿ.

ಎಂಜಿನ್ 1000 ಜೂಲ್ ತೆಗೆದುಕೊಂಡರೆ 1000 × 273/813 = 335.8 ಜೂಲ್ ಕೆಳಗೆ ಬಿಡುತ್ತದೆ. ಕೆಲಸ 664.2 ಜೂಲ್. ಮೊದಲು 615 ಇತ್ತು, ಈಗ 49 ಜೂಲ್ ಜಾಸ್ತಿ ಸಿಕ್ಕಿತು. ಆದರೆ ಆ 335.8 ಜೂಲ್ ಅನ್ನು ಫ್ರಿಜ್ 273ರಿಂದ 313ಕ್ಕೆ ಎತ್ತಬೇಕು. ಅದರ ಸಿಒಪಿ 273 ÷ 40 = 6.825. ಬೇಕಾದ ಕೆಲಸ 335.8 ÷ 6.825 = 49.2 ಜೂಲ್. ಕೈಯಲ್ಲಿ ಉಳಿದದ್ದು 664.2 − 49.2 = 615.0 ಜೂಲ್.

ಗಳಿಸಿದ್ದೆಲ್ಲ ಫ್ರಿಜ್‌ಗೇ ಹೋಯಿತು. 273ರ ಬದಲು ಬೇರೆ ಯಾವ ತಾಪಮಾನ ಹಾಕಿದರೂ 615ಕ್ಕೇ ಬಂದು ನಿಲ್ಲುತ್ತೀರಿ. ನಿಜವಾದ ಯಂತ್ರಗಳಲ್ಲಿ ಫ್ರಿಜ್ ಹೆಚ್ಚು ತಿನ್ನುತ್ತದೆ, ಎಂಜಿನ್ ಕಡಿಮೆ ಕೊಡುತ್ತದೆ. ಹಾಗಾಗಿ 615ಕ್ಕಿಂತ ಕೆಳಗೇ ಇಳಿಯುತ್ತದೆ.